ಒಂದೇ ಬಂಡೆ, ಮೂರು ಬೋಟ್: ಸ್ಟೀಲ್, ಅಲ್ಯೂಮಿನಿಯಂ, ಫೈಬರ್ ಹಲ್‌ಗಳ ಪೆಟ್ಟು ಮತ್ತು ರಿಪೇರಿ

(ಸಣ್ಣ ವಾಣಿಜ್ಯ ಬೋಟ್‌ಗಳ ಮಾಲೀಕರು ಮತ್ತು ರಿಪೇರಿ ಕೆಲಸದವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೋಟ್ ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಸ್ಟೀಲ್, ಅಲ್ಯೂಮಿನಿಯಂ, ಫೈಬರ್, ಇವುಗಳಲ್ಲಿ ಯಾವುದು ಗಟ್ಟಿ?’ ನಾನು ತಿರುಗಿ ಬೇರೆ ಮೂರು ಪ್ರಶ್ನೆ ಕೇಳುತ್ತೇನೆ. ಪೆಟ್ಟು ಬಿದ್ದಾಗ ಅದು ಹೇಗೆ ಒಡೆಯುತ್ತದೆ? ಒಡೆದದ್ದು ನಿಮ್ಮ ಕಣ್ಣಿಗೆ ಕಾಣುತ್ತದೆಯೇ? ಅದನ್ನು ಸರಿಮಾಡಲು ಬಲ್ಲವರು ನಿಮ್ಮ ಬೋಟ್ ಇರುವ ಜಾಗದಲ್ಲಿ ಸಿಗುತ್ತಾರೆಯೇ? ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ ಹಲ್, ಅಂದರೆ ಬೋಟ್‌ನ ಹೊರಮೈ, ಯಾವುದರದ್ದಾದರೂ ದಿನದ ಕೆಲಸಕ್ಕೆ ಬೇಕಾದಷ್ಟು ಗಟ್ಟಿಯೇ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಕೆಟ್ಟ ದಿನ ಬಂದಾಗ. ಅದಕ್ಕೆ ಇವತ್ತು ಒಂದು ಕೆಟ್ಟ ದಿನವನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

12 ಮೀಟರ್ ಉದ್ದದ ಒಂದು ಕೆಲಸದ ಬೋಟ್. ತೂಕ ಸುಮಾರು 10 ಟನ್. ಆರು ನಾಟ್ ವೇಗದಲ್ಲಿ ಬರುತ್ತಿದೆ. ಮುಂಭಾಗದ ಬಲಬದಿಯಲ್ಲಿ, ನೀರಿನ ಗೆರೆಯ ಕೆಳಗೆ, ಮುಳುಗಿದ ಬಂಡೆಗೆ ತಾಗುತ್ತದೆ. ಆರು ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್, ನಿಧಾನ ಅನ್ನಿಸಬಹುದು. ಆದರೆ 10 ಟನ್ ತೂಕಕ್ಕೆ ಆ ವೇಗದಲ್ಲಿ ಇರುವ ಶಕ್ತಿ, ಒಂದು ಟನ್ ಕಾರು ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದಷ್ಟು. ಇಲ್ಲಿ ಪೆಟ್ಟು ನೇರವಾಗಿಲ್ಲ, ಸವರಿಕೊಂಡು ಹೋಗಿದೆ. ಹಾಗಾಗಿ ಆ ಶಕ್ತಿಯ ಒಂದು ಪಾಲು ಮಾತ್ರ ಹಲ್‌ಗೆ ಬೀಳುತ್ತದೆ. ಆ ಪಾಲು ಎಲ್ಲಿಗೆ ಹೋಯಿತು ಎನ್ನುವುದೇ ಇಡೀ ಕತೆ.

ಪೆಟ್ಟು ಎಲ್ಲಿಗೆ ಹೋಯಿತು?

ಮೊದಲು ಸ್ಟೀಲ್. 5 ಮಿ.ಮೀ. ದಪ್ಪದ ಸಾಮಾನ್ಯ ಹಡಗು ದರ್ಜೆಯ ಪ್ಲೇಟ್. ಇದು ಸುಮಾರು 235 ಮೆಗಾಪಾಸ್ಕಲ್ ಒತ್ತಡದಲ್ಲಿ ಶಾಶ್ವತವಾಗಿ ಬಾಗಲು ಶುರುಮಾಡುತ್ತದೆ. ಆದರೆ ಸೀಳಿಹೋಗಬೇಕಾದರೆ ಇನ್ನೂ ಬಹಳ ದೂರ ಹೋಗಬೇಕು. ತನ್ನ ಉದ್ದದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹಿಗ್ಗಿದ ಮೇಲೆ ಅದು ಸೀಳುತ್ತದೆ. ಈ ಹಿಗ್ಗುವಿಕೆಯಲ್ಲೇ ಪೆಟ್ಟಿನ ಶಕ್ತಿ ಖರ್ಚಾಗಿ ಹೋಗುತ್ತದೆ. ನಮ್ಮ ಬೋಟ್‌ನಲ್ಲಿ ಅರ್ಧ ಮೀಟರ್ ಅಗಲದ ತಗ್ಗು ಬಿದ್ದಿದೆ, ಆಳ ನಾಲ್ಕು ಸೆಂಟಿಮೀಟರ್. ಒಳಗಿನಿಂದ ಪ್ಲೇಟ್‌ಗೆ ಆಸರೆಯಾಗಿರುವ ಒಂದು ಫ್ರೇಮ್ ಡೊಂಕಾಗಿದೆ. ನೀರು ಬಂದಿಲ್ಲ. ಬೋಟ್ ತಾನಾಗಿಯೇ ದಡಕ್ಕೆ ಬಂದಿದೆ.

ಈಗ ಅಲ್ಯೂಮಿನಿಯಂ. ದರ್ಜೆ 5083, ದಪ್ಪ 7 ಮಿ.ಮೀ. ಸ್ಟೀಲ್‌ಗಿಂತ ದಪ್ಪ ಯಾಕೆ? ಅಲ್ಯೂಮಿನಿಯಂನ ಬಿಗಿತ ಸ್ಟೀಲ್‌ನ ಮೂರನೇ ಒಂದು ಭಾಗ ಮಾತ್ರ. ಆದರೆ ಪ್ಲೇಟ್ ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಹಾಗಾಗಿ ದಪ್ಪವನ್ನು 1.4 ಪಟ್ಟು ಮಾಡಿದರೆ ಸ್ಟೀಲ್‌ಗೆ ಹೆಚ್ಚುಕಡಿಮೆ ಸಮ ಆಗುತ್ತದೆ. ಇಷ್ಟು ದಪ್ಪ ಮಾಡಿದರೂ ತೂಕ ಅರ್ಧಕ್ಕಿಂತ ಕಡಿಮೆ. ಅಲ್ಯೂಮಿನಿಯಂ ಬೋಟ್‌ನ ಲಾಭವೆಲ್ಲ ಈ ಒಂದು ಲೆಕ್ಕದಲ್ಲೇ ಇದೆ.

ಆದರೆ ಒಂದು ತೊಡಕಿದೆ. 5083 ಪ್ಲೇಟ್ ಕಾರ್ಖಾನೆಯಿಂದ ಬಂದಾಗ ಸುಮಾರು 215 ಮೆಗಾಪಾಸ್ಕಲ್ ತಡೆಯುತ್ತದೆ. ವೆಲ್ಡಿಂಗ್ ಮಾಡಿದ ಮೇಲೆ, ಬೆಸುಗೆಯ ಎರಡೂ ಕಡೆ ಸುಮಾರು 25 ಮಿ.ಮೀ. ಅಗಲದ ಪಟ್ಟಿಯಲ್ಲಿ ಅದು 125ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ತಗುಲಿ ಲೋಹ ಮೆದುವಾಗುವುದೇ ಇದಕ್ಕೆ ಕಾರಣ. ಅಂದರೆ ಪ್ರತಿ ಫ್ರೇಮ್ ಪಕ್ಕದಲ್ಲೂ ಒಂದು ಮೆದು ಪಟ್ಟಿ ಇದೆ ಅಂತಾಯಿತು. ಪೆಟ್ಟು ಬಿದ್ದಾಗ ಪ್ಲೇಟ್ ನಡುವೆ ಬಾಗುತ್ತದೆ, ಹಿಗ್ಗಾಟವೆಲ್ಲ ಆ ಮೆದು ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಬೋಟ್‌ನಲ್ಲಿ ತಗ್ಗಿನ ಜೊತೆಗೆ ಫ್ರೇಮ್ ಬೆಸುಗೆಗೆ ಅಂಟಿಕೊಂಡಂತೆ 12 ಸೆಂಟಿಮೀಟರ್ ಉದ್ದದ ಸೀಳು ಬಂದಿದೆ. ನೀರು ಬರುತ್ತಿದೆ, ಪಂಪ್ ತಡೆಯುತ್ತಿದೆ.

ಮೂರನೆಯದು ಫೈಬರ್. ಗಾಜಿನ ಮ್ಯಾಟ್ ಮತ್ತು ನೇಯ್ದ ರೋವಿಂಗ್ ಅನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕೈಯಿಂದ ಹಾಕಿದ ಹಲ್, ತಳದಲ್ಲಿ 12 ಮಿ.ಮೀ. ದಪ್ಪ. ಎಳೆತಕ್ಕೆ ಇದೇನೂ ಕಡಿಮೆ ಅಲ್ಲ. ಆದರೆ ಇದು ಸ್ಟೀಲ್ ಹಾಗೆ ಹಿಗ್ಗಿ ಶಕ್ತಿಯನ್ನು ನುಂಗುವುದಿಲ್ಲ. ಬಳುಕುತ್ತದೆ, ಬಳುಕುತ್ತದೆ, ಸುಮಾರು ಎರಡು ಶೇಕಡಾ ಹಿಗ್ಗಿದ ಕೂಡಲೇ ಒಡೆಯುತ್ತದೆ. ನಡುವೆ ‘ಬಾಗಿ ನಿಂತಿತು’ ಎನ್ನುವ ಸ್ಥಿತಿ ಇಲ್ಲ. ಹೆಚ್ಚಿನ ಸಣ್ಣ ಪೆಟ್ಟುಗಳಲ್ಲಿ ಬಳುಕಿ ವಾಪಸ್ ಬಂದುಬಿಡುತ್ತದೆ, ಒಂದು ಗೀರು ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮ ಪೆಟ್ಟು ದೊಡ್ಡದು. ಹೊರಗಿನಿಂದ ನೋಡಿದರೆ ಅಂಗೈ ಅಗಲದ ತೂತು, ಸುಮಾರು 15 ಸೆಂಟಿಮೀಟರ್. ಮೂರೂ ಬೋಟ್‌ಗಳಲ್ಲಿ ನೋಡಲು ಇದೇ ಅತಿ ಚಿಕ್ಕ ಗಾಯ. ನಿಜದಲ್ಲಿ ಇದೇ ಅತಿ ದೊಡ್ಡದು. ತೂತಿನ ಸುತ್ತ ಅರ್ಧ ಮೀಟರ್ ತನಕ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡಿವೆ. ಒಳಗೆ ಉದ್ದಕ್ಕೆ ಹೋಗುವ ಸ್ಟ್ರಿಂಗರ್ ತನ್ನ ಅಂಟಿನಿಂದ ಕಳಚಿಕೊಂಡಿದೆ. ಅದರ ಮೇಲೆ ನೆಲಹಾಸಿನ ಹಲಗೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ.

ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಟೀಲ್ ತನ್ನ ಗಾಯವನ್ನು ತೋರಿಸುತ್ತದೆ. ಅಲ್ಯೂಮಿನಿಯಂ ಅರ್ಧ ತೋರಿಸುತ್ತದೆ. ಫೈಬರ್‌ನ ಗಾಯವನ್ನು ನಾವೇ ಹುಡುಕಬೇಕು.

ಸ್ಟೀಲ್: ಕತ್ತರಿಸಿ, ಕೂರಿಸಿ, ಒಳಗಡೆ ಮರೆಯಬೇಡಿ

ಸ್ಟೀಲ್ ಬೋಟ್‌ನಲ್ಲಿ ಮೊದಲ ಕೆಲಸ ವೆಲ್ಡಿಂಗ್ ಅಲ್ಲ, ಅಳತೆ. ಅಲ್ಟ್ರಾಸಾನಿಕ್ ಗೇಜ್ ಇಟ್ಟು ತಗ್ಗಿನ ಸುತ್ತಲಿನ ಪ್ಲೇಟ್ ದಪ್ಪ ನೋಡಬೇಕು. ಮೂಲ ದಪ್ಪ 5 ಮಿ.ಮೀ. ಇದ್ದು ಈಗ 3.8 ಬಂದರೆ ಸುಮಾರು ಕಾಲು ಭಾಗ ತುಕ್ಕಿಗೆ ಹೋಗಿದೆ. ಸಾಮಾನ್ಯವಾಗಿ ಕಾಲು ಭಾಗ ಹೋದರೆ ಆ ಪ್ಲೇಟ್ ಬದಲಿಸುವ ಕಾಲ ಬಂತು ಅಂತ ಅರ್ಥ. ತೆಳುವಾದ ಹಳೇ ಪ್ಲೇಟ್‌ಗೆ ಹೊಸ 5 ಮಿ.ಮೀ. ಪ್ಲೇಟ್ ಬೆಸೆಯಲು ಹೋದರೆ ಹಳೆಯದರ ಅಂಚು ತೂತಾಗುತ್ತದೆ. ಆಮೇಲೆ ಒಂದು ತೇಪೆಗೆ ಇನ್ನೊಂದು ತೇಪೆ, ಮುಗಿಯುವುದೇ ಇಲ್ಲ. ಗಟ್ಟಿ ಲೋಹ ಸಿಗುವ ತನಕ ಹಿಂದೆ ಸರಿದು ಅಲ್ಲಿ ಗೆರೆ ಹಾಕಬೇಕು.

ಆಮೇಲೆ ಒಳಗಡೆ ಖಾಲಿ ಮಾಡಬೇಕು. ತಳದ ಎಣ್ಣೆ ನೀರು ತೊಳೆಯಬೇಕು, ಡೀಸೆಲ್ ಟ್ಯಾಂಕ್ ಪಕ್ಕದಲ್ಲಿದ್ದರೆ ಗ್ಯಾಸ್ ಪರೀಕ್ಷೆ ಆಗಲೇಬೇಕು. ಪ್ಲೇಟ್ ಹಿಂದೆ ಪಾಲಿಯುರೆಥೇನ್ ಫೋಮ್ ಇದ್ದರೆ ಸಾಕಷ್ಟು ದೂರದ ತನಕ ಕಿತ್ತು ತೆಗೆಯಬೇಕು. ಅದು ಉರಿದರೆ ಬರುವ ಹೊಗೆ ಜೀವ ತೆಗೆಯುತ್ತದೆ. ವೆಲ್ಡರ್ ಹೊರಗಿದ್ದರೆ ಒಳಗೆ ಒಬ್ಬರು ನೀರು ಮತ್ತು ಅಗ್ನಿಶಾಮಕ ಹಿಡಿದು ಕೂತಿರಬೇಕು. ಬೋಟ್‌ಗಳಲ್ಲಿ ಬೆಂಕಿ ಹತ್ತುವುದು ವೆಲ್ಡರ್ ನೋಡುತ್ತಿರುವ ಕಡೆ ಅಲ್ಲ, ಪ್ಲೇಟ್‌ನ ಇನ್ನೊಂದು ಬದಿಯಲ್ಲಿ.

ಕತ್ತರಿಸುವಾಗ ಮೂಲೆ ಚೂಪಾಗಿ ಬಿಡಬಾರದು. ಸುಮಾರು 75 ಮಿ.ಮೀ. ತ್ರಿಜ್ಯದ ದುಂಡು ಮೂಲೆ ಕೊಡಿ. ಚೂಪು ಮೂಲೆಯಲ್ಲಿ ಒತ್ತಡ ಸೇರಿಕೊಂಡು ಮುಂದೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಹೊಸ ಪ್ಲೇಟ್ ಅಂಚನ್ನು ಓರೆ ಮಾಡಿ, ಎರಡು ಮೂರು ಮಿ.ಮೀ. ಸಂದು ಬಿಟ್ಟು ಕೂರಿಸಬೇಕು. ಫ್ರೇಮ್ ಮತ್ತು ಹಳೇ ಪ್ಲೇಟ್ ನಡುವಿನ ಬೆಸುಗೆಯನ್ನು ಸ್ವಲ್ಪ ದೂರ ಬಿಚ್ಚಿ ಇಡಬೇಕು. ಮೊದಲು ಪ್ಲೇಟ್‌ಗೆ ಪ್ಲೇಟ್ ಸೇರಿಸಿ, ಕೊನೆಗೆ ಫ್ರೇಮ್ ಬೆಸೆಯಬೇಕು. ಕ್ರಮ ತಿರುವುಮುರುವಾದರೆ ಪ್ಲೇಟ್‌ಗೆ ಕುಗ್ಗಲು ಜಾಗ ಸಿಗುವುದಿಲ್ಲ, ಬೆಸುಗೆಯೇ ಬಿರಿಯುತ್ತದೆ ಅಥವಾ ಪ್ಲೇಟ್ ಉಬ್ಬಿ ನಿಲ್ಲುತ್ತದೆ. 7018 ಎಲೆಕ್ಟ್ರೋಡ್ ಬಳಸುವವರು ಅದನ್ನು ಒಣಗಿಸಿಯೇ ಬಳಸಬೇಕು. ತೇವ ಹಿಡಿದ ಕಡ್ಡಿಯಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ.

ಸೋರುತ್ತದೆಯೋ ಇಲ್ಲವೋ ನೋಡಲು ಹಳೆಯ ಉಪಾಯ ಈಗಲೂ ಚೆನ್ನಾಗಿದೆ. ಬೆಸುಗೆಯ ಒಂದು ಬದಿಗೆ ಸುಣ್ಣ ಬಳಿದು ಒಣಗಲು ಬಿಡಿ. ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ. ಕೂದಲೆಳೆಯಷ್ಟು ಸಂದಿದ್ದರೂ ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಪರೀಕ್ಷೆ ಮುಗಿದ ಮೇಲೆ ಸೀಮೆಎಣ್ಣೆಯನ್ನು ಪೂರ್ತಿ ತೊಳೆಯಬೇಕು, ಇಲ್ಲದಿದ್ದರೆ ಪೇಂಟ್ ಹಿಡಿಯುವುದಿಲ್ಲ.

ಇಬ್ಬರು ಅನುಭವಿ ಕೆಲಸಗಾರರಿಗೆ ಇದೆಲ್ಲ ಸೇರಿ ಮೂರು ದಿನ, ಪೇಂಟ್ ಬೇರೆ. ಇದು ನನ್ನ ಅಂದಾಜು.

ಹೆಚ್ಚಿನ ಸ್ಟೀಲ್ ರಿಪೇರಿಗಳು ಕೆಡುವುದು ಬೆಸುಗೆಯಿಂದ ಅಲ್ಲ. ಹೊರಗಡೆ ಚೆಂದವಾಗಿ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಬಣ್ಣ ಬಳಿದು ಬೋಟ್ ಇಳಿಸುತ್ತಾರೆ. ಒಳಗಡೆ ಬಿಸಿಗೆ ಸುಟ್ಟುಹೋದ ಪೇಂಟ್ ಹಾಗೇ ಇರುತ್ತದೆ. ಅದರ ಮೇಲೆ ನೆಲಹಾಸು ಮುಚ್ಚುತ್ತಾರೆ. ಸಮುದ್ರದ ನೀರಿನಲ್ಲಿ ಪೇಂಟ್ ಇಲ್ಲದ ಸ್ಟೀಲ್ ವರ್ಷಕ್ಕೆ ಸರಾಸರಿ 0.1 ಮಿ.ಮೀ. ಕರಗುತ್ತದೆ. ಒಂದೇ ಕಡೆ ಗುಳಿ ಬೀಳುವಾಗ ಇದಕ್ಕಿಂತ ಎಷ್ಟೋ ಪಟ್ಟು ಬೇಗ. ನಾನು ತೂತು ಬಿದ್ದ ಸ್ಟೀಲ್ ಹಲ್‌ಗಳನ್ನು ಬಿಚ್ಚಿ ನೋಡಿದಾಗಲೆಲ್ಲ ಹೆಚ್ಚಾಗಿ ಕಂಡದ್ದು ಒಂದೇ: ತುಕ್ಕು ಒಳಗಿನಿಂದ ಹೊರಕ್ಕೆ ಬಂದಿತ್ತು. ಫ್ರೇಮ್ ಬುಡದಲ್ಲಿ ನೀರು ಹರಿದುಹೋಗಲು ಬಿಟ್ಟ ಕಿಂಡಿ ಕಸದಿಂದ ಮುಚ್ಚಿರುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಒಂದು ತಂತಿ ಹಾಕಿ ಆ ಕಿಂಡಿ ಬಿಡಿಸುವುದು ಹತ್ತು ನಿಮಿಷದ ಕೆಲಸ. ದಯವಿಟ್ಟು ಮಾಡಿ.

ಅಲ್ಯೂಮಿನಿಯಂ: ವೆಲ್ಡರ್ ಇದ್ದಾರಾ, ಗಾಳಿ ಇಲ್ಲವಾ?

ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸುವುದು ಸುಲಭ. ಕಾರ್ಬೈಡ್ ಹಲ್ಲಿನ ಗರಗಸ ಸಾಕು, ಮರ ಕೊಯ್ದ ಹಾಗೆ ಕೊಯ್ಯಬಹುದು. ಹೊಸ ಬೋಟ್ ಕಟ್ಟುವ ಯಾರ್ಡ್‌ಗಳಲ್ಲಿ ಇದರಿಂದ ಬಹಳ ಗಂಟೆ ಉಳಿಯುತ್ತದೆ. ಕಷ್ಟ ಇರುವುದು ಬೆಸುಗೆಯಲ್ಲಿ.

ಅಲ್ಯೂಮಿನಿಯಂ ಮೇಲೆ ಯಾವಾಗಲೂ ಆಕ್ಸೈಡ್‌ನ ತೆಳು ಪೊರೆ ಇರುತ್ತದೆ. ಕೆಳಗಿನ ಲೋಹ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ. ಆ ಪೊರೆ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಪೊರೆ ತೆಗೆಯದೆ ಬೆಸೆದರೆ ಲೋಹ ನೀರಾಗಿರುತ್ತದೆ, ಆದರೆ ಎರಡು ಅಂಚುಗಳು ಕೂಡಿಕೊಂಡಿರುವುದಿಲ್ಲ. ಮೇಲಿನಿಂದ ನೋಡಿದರೆ ಬೆಸುಗೆ ಚೆಂದ ಕಾಣುತ್ತದೆ. ಅದಕ್ಕೆ ಮೊದಲು ಅಸಿಟೋನ್‌ನಿಂದ ಜಿಡ್ಡು ಒರೆಸಬೇಕು, ಆಮೇಲೆ ಸ್ಟೇನ್‌ಲೆಸ್ ತಂತಿಯ ಬ್ರಷ್‌ನಿಂದ ಉಜ್ಜಬೇಕು. ಈ ಕ್ರಮ ತಪ್ಪಬಾರದು. ಮೊದಲು ಬ್ರಷ್ ಹಾಕಿದರೆ ಜಿಡ್ಡನ್ನು ಲೋಹದೊಳಗೆ ತುರುಕಿದಂತೆ ಆಗುತ್ತದೆ. ಆ ಬ್ರಷ್ಷನ್ನು ಸ್ಟೀಲ್ ಕೆಲಸಕ್ಕೆ ಯಾವತ್ತೂ ಮುಟ್ಟಿಸಬಾರದು. ಕಬ್ಬಿಣದ ಪುಡಿ ಅಲ್ಯೂಮಿನಿಯಂ ಮೇಲೆ ಉಳಿದರೆ ಅಲ್ಲೇ ಗುಳಿ ಬೀಳಲು ಶುರು.

ಎರಡನೆಯದು ಗಾಳಿ. ಆರ್ಗಾನ್ ಗ್ಯಾಸ್ ಬೆಸುಗೆಯನ್ನು ಸುತ್ತುವರಿದು ಕಾಪಾಡುತ್ತದೆ. ದಡದಲ್ಲಿ ಯಾವಾಗಲೂ ಗಾಳಿ ಇರುತ್ತದೆ, ಅಲ್ವಾ? ಮೆಲ್ಲಗೆ ಬೀಸುವ ಗಾಳಿಯೂ ಆ ಆರ್ಗಾನನ್ನು ಹಾರಿಸಿಕೊಂಡು ಹೋಗುತ್ತದೆ. ಬೆಸುಗೆಯೊಳಗೆ ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ತೇವ ಇದ್ದರೂ ಇದೇ ಕತೆ. ಆದ್ದರಿಂದ ಬೋಟ್ ಸುತ್ತ ಟಾರ್ಪಾಲಿನ್ ಕಟ್ಟಿ ಗುಡಾರ ಮಾಡಲೇಬೇಕು.

ಒಬ್ಬ ವೆಲ್ಡರ್‌ಗೆ ಈ ಕೆಲಸ ಬರುತ್ತದೋ ಇಲ್ಲವೋ ತಿಳಿಯಲು ನಾನು ಮಾಡುವುದು ಇಷ್ಟೇ. ಅದೇ ದಿನ, ಅದೇ ಜಾಗದಲ್ಲಿ, ಅದೇ ಪ್ಲೇಟ್‌ನ ಎರಡು ತುಂಡು ಬೆಸೆಯಲು ಹೇಳುತ್ತೇನೆ. ಆರಿದ ಮೇಲೆ ಅದನ್ನು ವೈಸ್‌ಗೆ ಸಿಕ್ಕಿಸಿ ಬೆಸುಗೆಯ ಮೇಲೆ ಮಡಚುತ್ತೇನೆ. ಒಳ್ಳೆಯ ಬೆಸುಗೆ ಬಾಗುತ್ತದೆ. ಕೆಟ್ಟದ್ದು ಬಿರುಕು ಬಿಟ್ಟು ಒಡೆದು ಒಳಗಿನ ತೂತುಗಳನ್ನು ತೋರಿಸುತ್ತದೆ. ಯಾರ ಮನಸ್ಸಿಗೂ ನೋವಾಗದ ಪರೀಕ್ಷೆ ಇದು, ಏಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ. ಒಳ್ಳೆಯ ವೆಲ್ಡರ್‌ಗಳು ನಾನು ಕೇಳುವ ಮೊದಲೇ ತುಂಡು ಬೆಸೆದು ಇಟ್ಟಿರುತ್ತಾರೆ.

ನಮ್ಮ ಬೋಟ್‌ನ ಸೀಳಿಗೆ ವಾಪಸ್ ಬರೋಣ. ಕಣ್ಣಿಗೆ ಕಾಣುವ ತುದಿ ನಿಜವಾದ ತುದಿ ಅಲ್ಲ. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಕೂದಲೆಳೆ ಬಿರುಕು ಇನ್ನೂ ಎರಡು ಮೂರು ಸೆಂಟಿಮೀಟರ್ ಮುಂದೆ ಹೋಗಿರುವುದು ಕಾಣುತ್ತದೆ. ಅದನ್ನೂ ಸೇರಿಸಿ ಕತ್ತರಿಸಬೇಕು. ಬಿರುಕಿನ ಮೇಲೆಯೇ ಬೆಸುಗೆ ಎಳೆದು ಮುಚ್ಚಿದರೆ ಮೆದು ಪಟ್ಟಿ ಇನ್ನೂ ಅಗಲ ಆಗುತ್ತದೆ, ಕೆಲವು ತಿಂಗಳಲ್ಲಿ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹೊಸ ತುಂಡಿನ ಅಂಚು ಫ್ರೇಮ್ ಪಕ್ಕದಲ್ಲಿ ಬರದಂತೆ, ಎರಡು ಫ್ರೇಮ್‌ಗಳ ನಡುವೆ ಬರುವಂತೆ ಗೆರೆ ಹಾಕಬೇಕು. ಫ್ರೇಮ್ ಮೇಲೆ ಪ್ಲೇಟ್‌ಗೆ ಬಾಗುವ ಒತ್ತಡ ಅತಿ ಹೆಚ್ಚು ಬೀಳುವುದರಿಂದ ಅಲ್ಲಿ ಇನ್ನೊಂದು ಬೆಸುಗೆ ಬೇಡ.

ಪ್ಲೇಟ್ ಯಾವುದು ಅಂತಲೂ ಕೇಳಬೇಕು. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಎಲ್ಲ ಒಂದೇ ಅಲ್ಲ. 6061 ಎನ್ನುವುದು ಶಾಖ ಕೊಟ್ಟು ಗಟ್ಟಿ ಮಾಡಿದ ದರ್ಜೆ. ಕೊಳ್ಳುವಾಗ ಅದು 5083ಗಿಂತ ಗಟ್ಟಿ. ಬೆಸೆದ ಮೇಲೆ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ನೀರಿಗೆ ತಾಗುವ ಹಲ್‌ಗೆ 5083 ಅಥವಾ 5086 ಬೇಕು. ಬೆಸೆಯುವ ತಂತಿ 5183 ಅಥವಾ 5356.

ದಿನಗಳ ಲೆಕ್ಕ ಸ್ಟೀಲ್‌ನಷ್ಟೇ, ಮೂರು ನಾಲ್ಕು. ಆದರೆ ಇದು ಜನ, ಪ್ಲೇಟ್, ಆರ್ಗಾನ್ ಎಲ್ಲ ಕೈಗೆ ಸಿಕ್ಕಿದಾಗ. ಸಿಗದಿದ್ದರೆ ಬೋಟ್ ವಾರಗಟ್ಟಲೆ ದಡದ ಮೇಲೆ ನಿಲ್ಲುತ್ತದೆ. ಸ್ಟೀಲ್ ಬೆಸೆಯುವವರು ಪ್ರತಿ ಬಂದರಿನಲ್ಲೂ ಇರುತ್ತಾರೆ. ಅಲ್ಯೂಮಿನಿಯಂ ಬೆಸೆಯುವವರು ಇರುವುದಿಲ್ಲ.

ಇನ್ನೊಂದು ಮಾತು, ಇದು ಪೆಟ್ಟಿಗೆ ಸಂಬಂಧಿಸಿದ್ದಲ್ಲ. ಅಲ್ಯೂಮಿನಿಯಂ ಬರಿಮೈಯಲ್ಲಿ ಸಮುದ್ರದಲ್ಲಿ ಚೆನ್ನಾಗಿಯೇ ಬಾಳುತ್ತದೆ. ಅದರ ಶತ್ರು ತಾಮ್ರ. ಒಮ್ಮೆ ನನಗೆ ಒಂದು ಬೋಟ್‌ನ ತಳದಲ್ಲಿ, ಎಂಜಿನ್ ಕೆಳಗೆ, ಬೆರಳ ತುದಿಯಷ್ಟು ತೂತು ಕಂಡಿತು. ಸುತ್ತಲಿನ ಪ್ಲೇಟ್ ಹೊಸದರ ಹಾಗಿತ್ತು. ತೂತಿನ ಪಕ್ಕದ ಬಿಳಿ ಪುಡಿಯೊಳಗೆ ತಾಮ್ರದ ವೈರ್‌ನ ಒಂದು ತುಂಡು ಸಿಕ್ಕಿತು. ವೈರಿಂಗ್ ಮಾಡಿದವರ ಕೈಯಿಂದ ಬಿದ್ದದ್ದು. ಉಪ್ಪುನೀರಿನಲ್ಲಿ ಎರಡು ಲೋಹ ಕೂಡಿ ಬ್ಯಾಟರಿ ಆಗಿ, ಅಲ್ಯೂಮಿನಿಯಂ ಕರಗಿತ್ತು. ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ಹಚ್ಚುವ, ತಾಮ್ರ ಇರುವ ಆ್ಯಂಟಿಫೌಲಿಂಗ್ ಪೇಂಟ್ ಅನ್ನು ಈ ಹಲ್‌ಗೆ ಹಚ್ಚಬಾರದು ಅನ್ನುವುದಕ್ಕೂ ಇದೇ ಕಾರಣ. ಒದ್ದೆ ಫೋಮ್, ಒದ್ದೆ ಮರ ಇವುಗಳ ಅಡಿಯಲ್ಲಿ ಗಾಳಿ ಸಿಗದೆಯೂ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಎಲ್ಲಿ ಬಿಳಿ ಪುಡಿ ಕಂಡರೂ ಅಲ್ಲಿ ಕೆರೆದು ನೋಡಿ.

ಫೈಬರ್: ತೂತು 15 ಸೆಂಟಿಮೀಟರ್, ಕೆಲಸ ಒಂದೂಕಾಲು ಮೀಟರ್

ಫೈಬರ್ ಬೋಟ್‌ನ ಗಾಯ ಹುಡುಕಲು ಒಂದು ನಾಣ್ಯ ಅಥವಾ ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ಸಾಕು. ತೂತಿನಿಂದ ದೂರ, ಗಟ್ಟಿ ಜಾಗದಲ್ಲಿ ಮೊದಲು ತಟ್ಟಿ ಕೇಳಿಸಿಕೊಳ್ಳಿ. ಸದ್ದು ‘ಟಕ್’ ಅಂತ ಚುರುಕಾಗಿ ಬರುತ್ತದೆ. ತಟ್ಟುತ್ತಾ ತೂತಿನ ಕಡೆಗೆ ಬನ್ನಿ. ಪದರ ಬಿಟ್ಟ ಕಡೆ ಸದ್ದು ‘ತಪ್’ ಅಂತ ಸತ್ತಂತೆ ಕೇಳುತ್ತದೆ. ಅಲ್ಲೊಂದು ಗುರುತು. ಹೀಗೆ ಸುತ್ತಲೂ ಮಾಡಿದಾಗ ನಮ್ಮ ಬೋಟ್‌ನಲ್ಲಿ ಸುಮಾರು ಒಂದು ಮೀಟರ್ ಅಗಲದ ಗೆರೆ ಮೂಡುತ್ತದೆ. ಆ ಗೆರೆಯೊಳಗೆ ಎಲ್ಲವನ್ನೂ ತೆಗೆಯಬೇಕು. ಮಾಲೀಕರಿಗೆ ಇದನ್ನು ಒಪ್ಪುವುದು ಕಷ್ಟ ಆಗುತ್ತದೆ. ಅದಕ್ಕೆ ನಾನು ಅವರ ಕೈಗೇ ನಾಣ್ಯ ಕೊಡುತ್ತೇನೆ.

ಹೊಸ ಪದರ ಹಳೆಯದಕ್ಕೆ ಹಿಡಿದುಕೊಳ್ಳುವುದು ಅಂಟಿನಿಂದ ಮಾತ್ರ. ಹಳೇ ರೆಸಿನ್ ಪೂರ್ತಿ ಗಟ್ಟಿಯಾಗಿದೆ, ಹೊಸದರ ಜೊತೆ ಅದು ಬೆರೆಯುವುದಿಲ್ಲ. ಹಾಗಾಗಿ ಅಂಟಿಗೆ ಜಾಸ್ತಿ ಜಾಗ ಕೊಡಬೇಕು. ಅದಕ್ಕೆ ಅಂಚನ್ನು ಓರೆಯಾಗಿ ಸವೆಸುತ್ತೇವೆ. ಅನುಪಾತ ಒಂದಕ್ಕೆ ಹನ್ನೆರಡು. ದಪ್ಪ 12 ಮಿ.ಮೀ. ಇದ್ದರೆ ಓರೆ 144 ಮಿ.ಮೀ. ಉದ್ದ, ಸುತ್ತಲೂ. ಒಂದು ಮೀಟರ್ ಅಗಲದ ತೆರಪಿಗೆ ಎರಡೂ ಕಡೆ ಸೇರಿ ಕೆಲಸದ ಅಗಲ ಒಂದೂಕಾಲು ಮೀಟರ್ ದಾಟಿತು. ಅಂಗೈ ಅಗಲದ ತೂತಿನಿಂದ ಇಲ್ಲಿಗೆ ಬಂದೆವು.

ಆಮೇಲೆ ಒಣಗಿಸುವುದು. ಸಿಹಿನೀರಿನಿಂದ ಉಪ್ಪು ತೊಳೆದು, ನೆರಳಲ್ಲಿ ಗಾಳಿಯಾಡಲು ಬಿಟ್ಟು, ಬೇಕಾದರೆ ಹೀಟರ್ ಇಟ್ಟು, ತೇವದ ಮೀಟರ್ ಸುತ್ತಲಿನ ಒಣ ಜಾಗದಷ್ಟೇ ತೋರಿಸುವ ತನಕ ಕಾಯಬೇಕು. ಹಲ್‌ನಲ್ಲಿ ಫೋಮ್ ಅಥವಾ ಬಾಲ್ಸಾ ಮರದ ತಿರುಳಿದ್ದರೆ ನೀರು ಅದರೊಳಗೆ ಬಹಳ ದೂರ ಹೋಗಿರುತ್ತದೆ, ದಿನಗಳು ವಾರಗಳಾಗುತ್ತವೆ. ಇಲ್ಲಿಯೇ ಎಲ್ಲರ ತಾಳ್ಮೆ ತಪ್ಪುವುದು.

ಒಂದು ಬೋಟ್ ನನಗೆ ಚೆನ್ನಾಗಿ ನೆನಪಿದೆ. ನೀರಿನಿಂದ ಮೇಲೆ ತೆಗೆದ ಮರುದಿನವೇ ಯಾರೋ ತೇಪೆ ಹಾಕಿದ್ದರು. ಬಣ್ಣ ಹೊಳೆಯುತ್ತಿತ್ತು. ಆರು ತಿಂಗಳ ಮೇಲೆ ಅದು ನನ್ನ ಕೈಗೆ ಬಂತು. ತೇಪೆಯ ಒಂದು ಅಂಚಿಗೆ ಉಳಿ ಹಾಕಿದೆ. ಗಾಯದ ಹಕ್ಕಳೆ ಎದ್ದ ಹಾಗೆ ಇಡೀ ತುಂಡು ಒಂದೇ ಸಲ ಎದ್ದು ಬಂತು. ಅದರ ಹಿಂಭಾಗ ನುಣ್ಣಗೆ ಹೊಳೆಯುತ್ತಿತ್ತು, ಹಳೇ ಫೈಬರ್‌ನ ಒಂದು ಎಳೆಯೂ ಅದಕ್ಕೆ ಅಂಟಿರಲಿಲ್ಲ. ಆ ಬೋಟ್‌ನಲ್ಲಿ ದಿನವೂ ಜನ ಹೋಗುತ್ತಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪದರ ಹಾಕುವ ಮೊದಲು 40 ನಂಬರಿನ ಒರಟು ಕಾಗದದಿಂದ ಉಜ್ಜಿ, ದೂಳು ತೆಗೆದು, ಅಸಿಟೋನ್ ಹಚ್ಚಿ ಒರೆಸಬೇಕು. ಗಾಜಿನ ದೂಳು ಶ್ವಾಸಕೋಶಕ್ಕೆ ಹೋಗದಂತೆ ಒಳ್ಳೆಯ ಮಾಸ್ಕ್ ಇರಲೇಬೇಕು. ರಿಪೇರಿಗೆ ನಾನು ಎಪಾಕ್ಸಿ ರೆಸಿನ್ ಬಳಸಿ ಎನ್ನುತ್ತೇನೆ. ಪಾಲಿಯೆಸ್ಟರ್‌ಗಿಂತ ದುಬಾರಿ, ಆದರೆ ಹಳೇ ಮೈಗೆ ಇದರ ಹಿಡಿತ ಬೇರೆಯೇ. ಎರಡು ಎಚ್ಚರಿಕೆ ಇವೆ. ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ, ಆದ್ದರಿಂದ ಎಪಾಕ್ಸಿಗೆ ಹೊಂದುವ ಬಟ್ಟೆ ಕೇಳಿ ತೆಗೆದುಕೊಳ್ಳಬೇಕು. ಇನ್ನು ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಜೆಲ್ ಕೋಟ್, ಅಂದರೆ ಹೊರಗಿನ ಹೊಳಪಿನ ಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ, ಎರಡು ಭಾಗ ಬೆರೆಸಿ ಹಚ್ಚುವ ಪೇಂಟ್ ಹೊಡೆಯಬೇಕಾಗುತ್ತದೆ.

ಒಂದೇ ಸಲ ಎಲ್ಲ ಪದರ ಹಾಕುವ ಆಸೆ ಬೇಡ. ಮೂರು ನಾಲ್ಕು ಪದರ ಹಾಕಿ, ಬಿಸಿ ಇಳಿಯಲು ಬಿಟ್ಟು, ಮತ್ತೆ ಮುಂದುವರಿಸಿ. ದಪ್ಪ ರೆಸಿನ್ ಗಟ್ಟಿಯಾಗುವಾಗ ತನ್ನ ಬಿಸಿಗೆ ತಾನೇ ಬೆಂದು ಬಿರಿಯುತ್ತದೆ. ಕೊನೆಗೆ ಒಳಗೆ ಹೋಗಿ ಕಳಚಿದ ಸ್ಟ್ರಿಂಗರ್ ಅನ್ನು ಮತ್ತೆ ಅಂಟಿಸಿ ಅದರ ಮೇಲೆ ಪದರ ಹಾಕಬೇಕು. ಇದನ್ನು ಬಿಟ್ಟರೆ ಹೊರಗಿನ ಕೆಲಸ ಎಷ್ಟು ಚೆನ್ನಾಗಿದ್ದರೂ ತಳ ಅಲೆಗೆ ಬಳುಕುತ್ತಲೇ ಇರುತ್ತದೆ.

ಒಟ್ಟು ಏಳೆಂಟು ದಿನ, ಅದರಲ್ಲಿ ಅರ್ಧ ಸುಮ್ನೆ ಕಾಯುವುದು. ಆದರೆ ಬೇಕಾದ ಸಾಮಾನು ಒಂದು ಗ್ರೈಂಡರ್, ರೋಲರ್, ತಕ್ಕಡಿ. ವಿದ್ಯುತ್ ಕಡಿಮೆ ಇರುವ ದೂರದ ದಡದಲ್ಲೂ, ಕೈ ಪಳಗಿದ ಇಬ್ಬರು ಮಾಡಬಹುದು. ಇದು ಫೈಬರ್‌ನ ದೊಡ್ಡ ಬಲ.

ಖರ್ಚು ಎಲ್ಲಿ ಕೂತಿದೆ?

ಕಟ್ಟುವ ಖರ್ಚಿನ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ. ಆದರೆ ಎಂಜಿನ್, ಶಾಫ್ಟ್, ವೈರಿಂಗ್, ಡೆಕ್ ಮೇಲಿನ ಸಾಮಾನು ಎಲ್ಲ ಸೇರಿದ ಪೂರ್ತಿ ಬೋಟ್‌ನಲ್ಲಿ ಬರಿಯ ಹಲ್‌ನ ಪಾಲು ಚಿಕ್ಕದು. ಅಲ್ಯೂಮಿನಿಯಂಗೆ ಕೆ.ಜಿ. ಲೆಕ್ಕದಲ್ಲಿ ಸ್ಟೀಲ್‌ಗಿಂತ ಹಲವು ಪಟ್ಟು ಬೆಲೆ. ಆದರೆ ಬೇಕಾಗುವ ಕೆ.ಜಿ. ಅರ್ಧ, ಪೇಂಟ್ ಕೆಲಸವೂ ಕಡಿಮೆ. ಫೈಬರ್‌ಗೆ ಅಚ್ಚು ಬೇಕು. ಅಚ್ಚು ಮಾಡುವ ಶ್ರಮ ಒಂದು ಹಲ್ ಮಾಡುವುದಕ್ಕಿಂತ ಜಾಸ್ತಿ. ಹತ್ತು ಬೋಟ್ ತೆಗೆದರೆ ಅದು ಹಂಚಿಹೋಗಿ ಫೈಬರ್ ಅಗ್ಗ ಆಗುತ್ತದೆ. ಒಂದೇ ಬೋಟ್ ಬೇಕಾದರೆ ಲೋಹವೇ ಲೇಸು.

ತೂಕದ ಲೆಕ್ಕ ನೋಡೋಣ. ನಮ್ಮ ಬೋಟ್‌ನ ತಳ ಮತ್ತು ಬದಿ ಸೇರಿ 60 ಚದರ ಮೀಟರ್ ಅಂದುಕೊಳ್ಳಿ. 5 ಮಿ.ಮೀ. ಸ್ಟೀಲ್ ಚದರ ಮೀಟರ್‌ಗೆ 39 ಕೆ.ಜಿ., ಒಟ್ಟು 2.3 ಟನ್‌ಗಿಂತ ಜಾಸ್ತಿ. 7 ಮಿ.ಮೀ. ಅಲ್ಯೂಮಿನಿಯಂ 1.1 ಟನ್. 12 ಮಿ.ಮೀ. ಫೈಬರ್ ಕೂಡ ಹೆಚ್ಚುಕಡಿಮೆ ಅಷ್ಟೇ. ಫ್ರೇಮ್, ಡೆಕ್ ಸೇರಿದಾಗ ಅಂತರ ಎರಡು ಟನ್ ಮುಟ್ಟುತ್ತದೆ.

ಈ ಎರಡು ಟನ್ ಮುಖ್ಯವೋ ಅಲ್ಲವೋ ಎನ್ನುವುದು ವೇಗದ ಮೇಲೆ ನಿಂತಿದೆ. ನೀರಿನ ಗೆರೆಯಲ್ಲಿ 11 ಮೀಟರ್ ಉದ್ದ ಇರುವ ಬೋಟ್ ನೀರನ್ನು ಸೀಳಿಕೊಂಡು ಹೋಗುವಾಗ ಸುಮಾರು ಎಂಟು ನಾಟ್ ತನಕ ಆರಾಮವಾಗಿ ಓಡುತ್ತದೆ. ಏಳು ನಾಟ್‌ನಲ್ಲಿ ಕೆಲಸ ಮಾಡುವ ಮೀನಿನ ಬೋಟ್‌ಗೆ, ಎಳೆಯುವ ಬೋಟ್‌ಗೆ ಎರಡು ಟನ್ ಜಾಸ್ತಿ ಇದ್ದರೆ ಡೀಸೆಲ್ ಖರ್ಚು ಅಷ್ಟೇನೂ ಏರುವುದಿಲ್ಲ. ಕೆಲವೊಮ್ಮೆ ಆ ತೂಕದಿಂದ ಅಲೆಯಲ್ಲಿ ಕುಲುಕಾಟವೂ ಕಡಿಮೆ. ಆದರೆ 20 ನಾಟ್‌ನಲ್ಲಿ ನೀರಿನ ಮೇಲೆ ಎದ್ದು ಓಡುವ ಪ್ರಯಾಣಿಕರ ಬೋಟ್‌ಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ತೂಕದ ಜೊತೆಗೇ ಏರುತ್ತದೆ. ಎಂಟು ಟನ್‌ಗೆ ಎರಡು ಟನ್ ಸೇರಿದರೆ ಡೀಸೆಲ್ ಕಾಲು ಭಾಗ ಜಾಸ್ತಿ, ಪ್ರತಿ ದಿನ, ಪ್ರತಿ ಟ್ರಿಪ್.

ಬೋಟ್ ಚಿಕ್ಕದಾದಷ್ಟೂ ಸ್ಟೀಲ್‌ಗೆ ಕಷ್ಟ. ಎಂಟು ಮೀಟರ್ ಬೋಟ್‌ಗೆ ಬಲದ ಲೆಕ್ಕದಲ್ಲಿ 3 ಮಿ.ಮೀ. ಸಾಕಾದರೂ ಅಷ್ಟು ತೆಳು ಪ್ಲೇಟ್ ಬೆಸೆಯುವಾಗ ಅಲೆಅಲೆಯಾಗಿ ಸುಕ್ಕಾಗುತ್ತದೆ, ತುಕ್ಕಿಗೆ ಬಿಡಲು ದಪ್ಪವೂ ಉಳಿಯುವುದಿಲ್ಲ. 4 ಮಿ.ಮೀ. ಹಾಕಲೇಬೇಕು, ಬೋಟ್ ಭಾರ ಆಗುತ್ತದೆ. ಹಾಗಾಗಿ ಹತ್ತು ಮೀಟರ್‌ಗಿಂತ ಚಿಕ್ಕದಕ್ಕೆ ನಾನು ಸ್ಟೀಲ್ ಹೇಳುವುದು ಅಪರೂಪ. ಬಂಡೆ, ಹಿಮ, ಮರದ ದಿಮ್ಮಿ ಇರುವ ನೀರಿನಲ್ಲಿ ನಿಧಾನವಾಗಿ ದುಡಿಯುವ 12 ಮೀಟರ್‌ಗಿಂತ ದೊಡ್ಡ ಬೋಟ್‌ಗೆ ನಾನು ಸ್ಟೀಲ್ ಬಿಟ್ಟು ಬೇರೆ ಹೇಳುವುದಿಲ್ಲ. ವೇಗದ ಬೋಟ್, ದಡಕ್ಕೆ ಏರಿಸಿ ಇಳಿಸುವ ಬೋಟ್ ಇದ್ದು, ಒಳ್ಳೆಯ ವೆಲ್ಡರ್ ಹತ್ತಿರ ಇದ್ದರೆ ಅಲ್ಯೂಮಿನಿಯಂ. ಮರಳು ತಳದ ನೀರು, ಒಂದೇ ತರದ ಹಲವು ಬೋಟ್, ದೂರದ ದಡ ಇದ್ದರೆ ಫೈಬರ್.

ಸಭೆಯಿಂದ ಬಂದ ಒಂದು ಪ್ರಶ್ನೆ

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸರ್, ಹಳೇ ಫೈಬರ್ ಬೋಟ್ ನೋಡಲು ಹೋಗುತ್ತಿದ್ದೇನೆ. ತಳದಲ್ಲಿ ಸಣ್ಣ ಗುಳ್ಳೆಗಳಿವೆ ಅಂತಾರೆ. ಬಿಡಬೇಕಾ?’

ಗುಳ್ಳೆ ಇದೆ ಅಂತಲೇ ಬಿಡಬೇಡಿ. ಮಾಲೀಕರನ್ನು ಕೇಳಿ, ಕನ್ನಡಕ ಹಾಕಿಕೊಂಡು ಒಂದು ಗುಳ್ಳೆ ಚುಚ್ಚಿ. ಒಳಗಿನ ನೀರು ಚಿಮ್ಮುತ್ತದೆ. ಅದು ವಿನೆಗರ್ ಹಾಗೆ ವಾಸನೆ ಬಂದು, ಬೆರಳಿಗೆ ಜಿಡ್ಡಾಗಿ ಅಂಟಿದರೆ ಆಸ್ಮೋಸಿಸ್. ನೀರು ಜೆಲ್ ಕೋಟ್ ದಾಟಿ ಒಳಹೋಗಿ ರೆಸಿನ್ ಜೊತೆ ಪ್ರತಿಕ್ರಿಯೆ ನಡೆಸಿದೆ. ವಾಸನೆ ಇಲ್ಲದಿದ್ದರೆ ಬರಿಯ ಪೇಂಟ್ ಎದ್ದಿರಬಹುದು. ಆಸ್ಮೋಸಿಸ್ ಆದರೂ ಗುಳ್ಳೆ ಮೇಲ್ಮೈಯಲ್ಲೇ ಇದ್ದರೆ ಕೆರೆದು, ತೊಳೆದು, ಒಣಗಿಸಿ, ಎಪಾಕ್ಸಿ ಹಚ್ಚಿದರೆ ಸಾಕು. ಗುಳ್ಳೆ ಗಾಜಿನ ಪದರಗಳ ಆಳಕ್ಕೆ ಇಳಿದಿದ್ದರೆ ಕೆಲಸ ದೊಡ್ಡದು, ಬೆಲೆಯಲ್ಲಿ ಅದನ್ನು ಕಳೆಯಬೇಕು.

ಗುಳ್ಳೆಗಿಂತ ಮೊದಲು ಎಂಜಿನ್ ಕೂತಿರುವ ಬೆಡ್ ನೋಡಿ. ಅದು ಹಲ್‌ಗೆ ಸೇರುವ ಮೂಲೆಯಲ್ಲಿ ಟಾರ್ಚ್ ಬಿಟ್ಟು, ಉದ್ದಕ್ಕೆ ಕೂದಲಿನಂತಹ ಬಿಳಿ ಗೆರೆ ಇದೆಯೇ ಹುಡುಕಿ. ಇದ್ದರೆ ಎಂಜಿನ್ ಚಾಲೂ ಮಾಡಿಸಿ, ಗೇರ್ ಹಾಕಿಸಿ, ಆ ಗೆರೆಯ ಮೇಲೆ ಬೆರಳಿಟ್ಟು ನೋಡಿ. ಎರಡು ಬದಿ ಬೇರೆ ಬೇರೆಯಾಗಿ ಅಲುಗಿದರೆ ಅಲ್ಲಿ ಅಂಟು ಬಿಟ್ಟಿದೆ. ಅದರ ರಿಪೇರಿಗೆ ಎಂಜಿನ್ ಹೊರಗೆ ಎತ್ತಬೇಕಾಗುತ್ತದೆ.